ಕೇಸರಿ ಹಾಲಿಗೆ ಸಿಕ್ಕ ಕ್ರೆಡಿಟ್ಟು

ನನ್ನ ಮಗಳು ಹುಟ್ಟಿ ನಾಲ್ಕು ಗಂಟೆ ಆಗಿತ್ತು ಅಷ್ಟೇ. ವಾರ್ಡಿಗೆ ಬಂದ ನನ್ನಜ್ಜಿ ಕೈ ತೊಳೆದುಕೊಂಡು, ಬಟ್ಟೆ ಸರಿಸಿ, ಮಗುವಿನ ಮುಖ ನೋಡುವ ಮೊದಲು ಕಿವಿ ನೋಡಿದರು. ಕಿವಿಯ ಮೇಲಿನ ಅಂಚನ್ನು ಎರಡು ಬೆರಳಲ್ಲಿ ಹಿಡಿದು, ಮೆಲ್ಲಗೆ ಮಡಚಿ, ಕಿಟಕಿಯ ಬೆಳಕಿಗೆ ತಿರುಗಿಸಿ, "ಎಣ್ಣೆಗೆಂಪು ಆಗ್ತಾಳೆ ಬಿಡು, ನಿನ್ನ ಹಾಗೇ" ಅಂದರು. ಪಕ್ಕದಲ್ಲಿ ಫ್ಲಾಸ್ಕ್ ಹಿಡಿದು ನಿಂತಿದ್ದ ನಮ್ಮತ್ತೆಯ ಮುಖ ಸ್ವಲ್ಪ ಇಳಿಯಿತು. "ಇಲ್ಲ ಅಜ್ಜಿ, ನೋಡಿ ಎಷ್ಟು ಕೆಂಪಗಿದೆ ಮಗು. ಐದನೇ ತಿಂಗಳಿಂದ ಒಂದು ದಿನಾನೂ ತಪ್ಪಿಸದೆ ಕೇಸರಿ ಹಾಲು ಕುಡಿಸಿದೀನಿ" ಅಂದರು. ಅಜ್ಜಿ ಬೊಚ್ಚುಬಾಯಲ್ಲಿ ನಕ್ಕು, "ಒಂದಾರು ತಿಂಗಳು ಹೋಗ್ಲಿ" ಅಂದು ಸುಮ್ಮನಾದರು.

ಆರು ತಿಂಗಳು ಹೋಯಿತು. ಅಜ್ಜಿ ಗೆದ್ದರು. ಮಗಳು ಚೆಂದದ ಎಣ್ಣೆಗೆಂಪು, ಥೇಟ್ ನನ್ನ ಹಾಗೇ. ಆದರೆ ಅತ್ತೆ ಸೋಲಲಿಲ್ಲ ನೋಡಿ! "ಹುಟ್ಟಿದಾಗ ಹಾಲಿನ ಕೆನೆ ಹಾಗಿತ್ತು, ನೀನೇ ಬಿಸಿಲಿಗೆ ಎತ್ಕೊಂಡು ಹೋಗಿ ಕಪ್ಪು ಮಾಡ್ದೆ" ಅಂದರು. ಅಂದರೆ ಹುಟ್ಟಿದ ದಿನದ ಬಣ್ಣ ಕೇಸರಿ ಹಾಲಿನದ್ದು, ಆಮೇಲಿನ ಬಣ್ಣ ನನ್ನದು. ಈ ಲೆಕ್ಕದಲ್ಲಿ ಏನೋ ಮೋಸ ಇದೆ ಅನ್ನಿಸಿದರೂ ಎಲ್ಲಿ ಅಂತ ಆಗ ಗೊತ್ತಾಗಿರಲಿಲ್ಲ. ಮಗಳಿಗೆ ಈಗ ಎಂಟು ವರ್ಷ. ಈ ಎಂಟು ವರ್ಷದಲ್ಲಿ ಎಷ್ಟು ಸೀಮಂತಕ್ಕೆ ಹೋಗಿದ್ದೇನೋ ಲೆಕ್ಕವಿಲ್ಲ. ಒಂದೊಂದರಲ್ಲೂ ಯಾರಾದರೂ ಒಬ್ಬರು ಕೇಸರಿ ಡಬ್ಬಿ ಉಡುಗೊರೆ ಕೊಡುತ್ತಾರೆ, ಇನ್ನೊಬ್ಬರು "ದಿನಾ ಎಳನೀರು ಕುಡಿ, ಮಗು ಬೆಳ್ಳಗೆ ಹುಟ್ಟತ್ತೆ" ಅನ್ನುತ್ತಾರೆ. ಅದಕ್ಕೇ ಕೂತು ಓದಿದೆ, ಡಾಕ್ಟರ್ ಗೆಳತಿಯ ತಲೆ ತಿಂದೆ. ಇದು ಆ ಓದಿನ ಫಲ.

ಲೋಟದೊಳಗೆ ಇರುವುದು ಎಷ್ಟು?

ಮೊದಲು ಲೋಟದ ಲೆಕ್ಕ. ಕೇಸರಿ ಅನ್ನುವುದು ಒಂದು ಹೂವಿನ ಶಲಾಕಾಗ್ರ, ಅಂದರೆ ಹೂವಿನ ನಡುವಿನ ಕೆಂಪು ಎಳೆ. ಒಂದು ಹೂವಿಗೆ ಮೂರೇ ಎಳೆ. ಒಣಗಿಸಿದ ಒಂದು ಗ್ರಾಂ ಕೇಸರಿಗೆ ಸುಮಾರು 150 ಹೂವು ಬೇಕು. ಹಾಗಾದರೆ ಒಂದು ಎಳೆಯ ತೂಕ ಹೆಚ್ಚುಕಮ್ಮಿ ಎರಡು ಮಿಲಿಗ್ರಾಂ. ನಮ್ಮತ್ತೆ ದಿನಕ್ಕೆ ನಾಲ್ಕು ಎಳೆಯನ್ನು ಎರಡು ಚಮಚ ಬಿಸಿ ಹಾಲಲ್ಲಿ ನೆನೆಸಿ, ಬೆರಳಲ್ಲಿ ತಿಕ್ಕಿ, ದೊಡ್ಡ ಲೋಟದ ಹಾಲಿಗೆ ಬೆರೆಸುತ್ತಿದ್ದರು. ಐದು ತಿಂಗಳಿಗೆ ಆರುನೂರು ಎಳೆ. ಇಡೀ ಬಸುರಿನಲ್ಲಿ ನಾನು ಕುಡಿದ ಕೇಸರಿ ಒಂದೂಕಾಲು ಗ್ರಾಂ ಚಿಲ್ಲರೆ! ಖಿನ್ನತೆಗೆ ಕೇಸರಿ ಕೊಟ್ಟು ನೋಡಿದ ಪ್ರಯೋಗಗಳಲ್ಲಿ ಒಂದು ದಿನಕ್ಕೇ 30 ಮಿಲಿಗ್ರಾಂ ಕೊಡುತ್ತಾರೆ. ನಮ್ಮ ಲೋಟದಲ್ಲಿ ಅದರ ಮೂರನೇ ಒಂದು ಭಾಗವೂ ಇರುವುದಿಲ್ಲ. ಹಾಗಂತ ಜಾಸ್ತಿ ಹಾಕಿದರೆ ಜಾಸ್ತಿ ಬಿಳುಪು ಅಂತ ಯಾರೂ ಡಬ್ಬಿ ಸುರಿಯಬೇಡಿ. ಕೇಸರಿ ಗ್ರಾಂಗಟ್ಟಲೆ ಹೊಟ್ಟೆಗೆ ಹೋದರೆ ಗರ್ಭಕೋಶ ಸಂಕುಚಿಸಬಹುದು, 5 ಗ್ರಾಂ ದಾಟಿದರೆ ವಿಷ.

ಹಾಲಿಗೆ ಹೊಂಬಣ್ಣ ಕೊಡುವುದು ಕ್ರೋಸಿನ್ ಅನ್ನುವ ವಸ್ತು. ಕ್ಯಾರೆಟ್ಟಿನ ಬಣ್ಣದ ದೂರದ ಸಂಬಂಧಿ ಅದು. ಹೊಟ್ಟೆಗೆ ಹೋದ ಮೇಲೆ ಕರುಳಲ್ಲಿ ಒಡೆದು ಕ್ರೋಸಿಟಿನ್ ಆಗುತ್ತದೆ, ಸ್ವಲ್ಪ ರಕ್ತಕ್ಕೆ ಸೇರುತ್ತದೆ, ಆಮೇಲೆ ಮೈಯಿಂದ ಹೊರಟುಹೋಗುತ್ತದೆ. ಕ್ಯಾರೆಟ್ಟನ್ನು ವಾರಗಟ್ಟಲೆ ಕೆಜಿಗಟ್ಟಲೆ ತಿಂದವರ ಅಂಗೈ ಹಳದಿಯಾಗುವುದುಂಟು. ಆದರೆ ಅದು ಹೊರಗಿನಿಂದ ಬಂದ ಬಣ್ಣ ಕೊಬ್ಬಿನಲ್ಲಿ ಕೂತದ್ದು, ತಿನ್ನುವುದು ನಿಲ್ಲಿಸಿದರೆ ಹೋಗುತ್ತದೆ. ಚರ್ಮ ತಾನೇ ತಯಾರಿಸಿಕೊಳ್ಳುವ ಬಣ್ಣಕ್ಕೂ ಅದಕ್ಕೂ ಸಂಬಂಧವಿಲ್ಲ.

ಇನ್ನೊಂದು ತಮಾಷೆ. ಎಷ್ಟೋ ಮನೆಗಳಲ್ಲಿ ಬಸುರಿಗೆ ಕುಡಿಸಿದ್ದು ಕೇಸರಿಯೇ ಆಗಿರುವುದಿಲ್ಲ. ನಮ್ಮ ವಿಜಯಪುರ, ಬಾಗಲಕೋಟೆ ಕಡೆ ಹೊಲದಲ್ಲಿ ಎಣ್ಣೆಗಾಗಿ ಬೆಳೆಯುವ ಕುಸುಬೆ ಗೊತ್ತಲ್ಲ, ಅದರ ಹೂವಿನ ಒಣ ಎಸಳನ್ನು ಕೇಸರಿ ಅಂತ ಮಾರುವುದು ಹಳೇ ಚಾಳಿ. ಜೋಳದ ತೆನೆಯ ರೇಷ್ಮೆಗೆ ಬಣ್ಣ ಹಚ್ಚಿ ಮಾರುವುದೂ ಉಂಟು. ಒಂದು ಎಳೆಯನ್ನು ತಣ್ಣೀರಿಗೆ ಹಾಕಿ ನೋಡಿ. ನಿಜವಾದ ಕೇಸರಿ ನಿಧಾನಕ್ಕೆ, ಹತ್ತು ಹದಿನೈದು ನಿಮಿಷದಲ್ಲಿ ಹಳದಿ ಬಿಡುತ್ತದೆ, ಎಳೆ ಮಾತ್ರ ಕೆಂಪಾಗೇ ಉಳಿಯುತ್ತದೆ. ತುದಿ ಪುಟ್ಟ ಕಹಳೆಯ ಬಾಯಿಯ ಹಾಗೆ ಅಗಲವಾಗಿರುತ್ತದೆ. ಹಾಕಿದ ತಕ್ಷಣ ನೀರು ಕೆಂಪಾಗಿ ಎಳೆ ಬಿಳುಚಿಕೊಂಡರೆ ಅದು ಬಣ್ಣ ಹಚ್ಚಿದ್ದು. ಮಗಳು ಹುಟ್ಟಿ ಎಷ್ಟೋ ದಿನದ ಮೇಲೆ, ಉಳಿದಿದ್ದ ಡಬ್ಬಿಯ ಒಂದೆಳೆಯನ್ನು ನಾನೂ ಹೀಗೆ ನೀರಿಗೆ ಹಾಕಿದೆ. ಅರ್ಧ ನಿಮಿಷಕ್ಕೆ ಬಟ್ಟಲು ಕುಂಕುಮದ ನೀರಾಯಿತು. ಅತ್ತೆಗೆ ಇವತ್ತಿಗೂ ಹೇಳಿಲ್ಲ.

ಬಣ್ಣದ ಕಾರ್ಖಾನೆ

ಚರ್ಮದ ಬಣ್ಣ ಬರುವುದು ಮೆಲನಿನ್ ಇಂದ. ಅದನ್ನು ತಯಾರಿಸುವ ಜೀವಕೋಶಗಳಿಗೆ ಮೆಲನೋಸೈಟ್ ಅಂತ ಹೆಸರು. ನನಗೆ ಆಶ್ಚರ್ಯ ಆದದ್ದು ಏನು ಗೊತ್ತಾ? ಬೆಳ್ಳಗಿರುವವರ ಮೈಯಲ್ಲೂ ಕಪ್ಪಗಿರುವವರ ಮೈಯಲ್ಲೂ ಈ ಕಾರ್ಖಾನೆಗಳ ಸಂಖ್ಯೆ ಹೆಚ್ಚುಕಮ್ಮಿ ಒಂದೇ. ವ್ಯತ್ಯಾಸ ಇರುವುದು ಅವು ತಯಾರಿಸುವ ಮಾಲಿನಲ್ಲಿ. ಬಣ್ಣದ ಕಾಳುಗಳು ಎಷ್ಟು ದೊಡ್ಡವು, ಎಷ್ಟು ಗಾಢ, ಅಕ್ಕಪಕ್ಕದ ಜೀವಕೋಶಗಳಿಗೆ ಹೇಗೆ ಹಂಚಿಹೋಗುತ್ತವೆ ಅನ್ನುವುದರ ಮೇಲೆ ಮೈಬಣ್ಣ ನಿಂತಿದೆ. ಈ ಜೀವಕೋಶಗಳು ಭ್ರೂಣದಲ್ಲಿ ಬೆನ್ನುಹುರಿಯಾಗುವ ಜಾಗದ ಪಕ್ಕದಿಂದ ಹೊರಟು, ನಡೆದುಕೊಂಡು ಬಂದು ಚರ್ಮ ಸೇರುತ್ತವೆ. ಮೊದಲ ಮೂರು ತಿಂಗಳೊಳಗೇ ಅವು ಬಂದು ಕೂತಿರುತ್ತವೆ. ನಾವು ಕೇಸರಿ ಡಬ್ಬಿ ತೆರೆಯುವುದು ಐದನೇ ತಿಂಗಳಲ್ಲಿ. ಅಷ್ಟು ಹೊತ್ತಿಗೆ ಕಾರ್ಖಾನೆ ಕಟ್ಟಿ, ಕೆಲಸವೂ ಶುರುವಾಗಿರುತ್ತದೆ. ಯಾವ ಮಾಲು ತಯಾರಿಸಬೇಕು ಅನ್ನುವ ಆರ್ಡರ್ ಅಂತೂ ಗರ್ಭ ನಿಂತ ದಿನವೇ ಬಂದಿರುತ್ತದೆ, ಅಪ್ಪನ ಕಡೆಯಿಂದ ಅರ್ಧ, ಅಮ್ಮನ ಕಡೆಯಿಂದ ಅರ್ಧ.

ಈ ಆರ್ಡರಿನ ಒಂದು ತುಣುಕನ್ನು ನಮ್ಮ ದಕ್ಷಿಣ ಭಾರತದ ಜನರ ಮೇಲೇ ಅಳೆದು ನೋಡಿದ್ದಾರೆ. ಎಸ್‌ಎಲ್‌ಸಿ24ಎ5 ಅನ್ನುವ ಜೀನ್ ಇದೆ. ಅದು ಬಣ್ಣಕ್ಕೆ ಸಂಬಂಧಿಸಿದ್ದು ಅಂತ 2005ರಲ್ಲಿ ಗೊತ್ತಾದದ್ದು ಒಂದು ಪುಟ್ಟ ಮೀನಿನಿಂದ. ಜೀಬ್ರಾ ಮೀನಿನ ಪಟ್ಟೆಗಳು ಕಪ್ಪಾಗುವ ಬದಲು ಬಂಗಾರದ ಬಣ್ಣಕ್ಕೆ ತಿರುಗಿದ್ದು ಈ ಜೀನ್ ಕೆಟ್ಟಿದ್ದರಿಂದ. ಆಮೇಲೆ ಹೈದರಾಬಾದಿನ ಸಿಸಿಎಂಬಿ ಸಂಸ್ಥೆಯವರೂ ಇದ್ದ ಒಂದು ತಂಡ ದಕ್ಷಿಣ ಭಾರತದ 1228 ಜನರ ಚರ್ಮದ ಬಣ್ಣವನ್ನು ಉಪಕರಣದಲ್ಲಿ ಅಳೆದು, ಅವರ ಈ ಜೀನನ್ನೂ ಓದಿ, 2013ರಲ್ಲಿ ಪ್ರಕಟಿಸಿತು. ಆ ಜೀನಿನ ಒಂದೇ ಒಂದು ಅಕ್ಷರದ ವ್ಯತ್ಯಾಸ ಆ ಜನರೊಳಗಿನ ಬಣ್ಣದ ಏರುಪೇರಿನಲ್ಲಿ ಸುಮಾರು 27 ಪರ್ಸೆಂಟನ್ನು ವಿವರಿಸುತ್ತದಂತೆ. ಒಂದೇ ಅಕ್ಷರಕ್ಕೆ ಅಷ್ಟು! ಉಳಿದದ್ದಕ್ಕೆ ಬೇರೆ ಎಷ್ಟೋ ಜೀನ್‌ಗಳೂ ಬಿಸಿಲೂ ಪಾಲುದಾರರು.

ಪ್ರತಿಯೊಬ್ಬರಲ್ಲೂ ಈ ಜೀನಿನ ಎರಡು ಪ್ರತಿ ಇರುತ್ತದೆ. ನನ್ನಲ್ಲಿ ಒಂದು ತಿಳಿ ಬಣ್ಣದ್ದು, ಒಂದು ಗಾಢ ಬಣ್ಣದ್ದು ಇದೆ ಅಂದುಕೊಳ್ಳಿ. ನನ್ನ ಗಂಡನಲ್ಲೂ ಹಾಗೇ. ಇಬ್ಬರೂ ಗೋಧಿ ಬಣ್ಣದ ಆಸುಪಾಸು. ಪ್ರತಿ ಸಲವೂ ನಾವು ಮಗುವಿಗೆ ಒಂದೊಂದು ಪ್ರತಿ ಕೊಡುತ್ತೇವೆ, ಯಾವುದು ಅನ್ನುವುದು ನಾಣ್ಯ ಚಿಮ್ಮಿದ ಹಾಗೆ. ನಾಲ್ಕರಲ್ಲಿ ಒಂದು ಸಲ ಎರಡೂ ತಿಳಿ, ಒಂದು ಸಲ ಎರಡೂ ಗಾಢ, ಎರಡು ಸಲ ನಮ್ಮ ಹಾಗೇ. ಇಂಥ ನಾಣ್ಯಗಳು ಹತ್ತಾರು ಒಟ್ಟಿಗೆ ಚಿಮ್ಮುತ್ತಿವೆ ಅಂದರೆ ಒಂದೇ ಅಪ್ಪ ಅಮ್ಮನ ಮಕ್ಕಳಲ್ಲಿ ಒಬ್ಬ ಅಜ್ಜನ ಬಣ್ಣಕ್ಕೂ ಇನ್ನೊಬ್ಬಳು ಸೋದರತ್ತೆಯ ಬಣ್ಣಕ್ಕೂ ಹೋಗುವುದರಲ್ಲಿ ಏನೂ ವಿಚಿತ್ರವಿಲ್ಲ.

ಇದನ್ನೆಲ್ಲ ಓದುವ ಮೊದಲೇ ಉತ್ತರ ನಮ್ಮ ನೆಂಟರ ಮನೆಯಲ್ಲೇ ಓಡಾಡಿಕೊಂಡಿತ್ತು. ತುಮಕೂರಿನಲ್ಲಿರುವ ನನ್ನ ಚಿಕ್ಕಮ್ಮನ ಮಗಳಿಗೆ ಅವಳಿ, ಒಂದು ಗಂಡು ಒಂದು ಹೆಣ್ಣು. ಹುಡುಗ ಬೆಳ್ಳಗೆ, ಹುಡುಗಿ ಕಪ್ಪು. ಒಂದೇ ಹೊಟ್ಟೆ, ಅದೇ ಒಂಬತ್ತು ತಿಂಗಳು, ಅದೇ ಲೋಟ, ಅದೇ ಕೇಸರಿ, ಅದೇ ಎಳನೀರು. ಕೇಸರಿ ಹಾಲಿಗೆ ಬಣ್ಣ ಬದಲಿಸುವ ಶಕ್ತಿ ಇದ್ದಿದ್ದರೆ ಇಬ್ಬರಿಗೂ ಹಂಚಿಕೊಡಬೇಕಿತ್ತು ಅಲ್ವಾ? ಆ ಮನೆಯಲ್ಲಿ ಅದಕ್ಕೂ ಉತ್ತರ ಇದೆ: "ಗಂಡು ಮಗು ಎಲ್ಲಾ ಸತ್ವ ಎಳ್ಕೊಂಡುಬಿಡ್ತು." ಆ ಹುಡುಗಿ ಇದನ್ನು ಎಷ್ಟು ಸಲ ಕೇಳಿಸಿಕೊಂಡಿದ್ದಾಳೋ.

ಎಳನೀರು

ಎಳನೀರಿನ ಬಗ್ಗೆ ಜಾಸ್ತಿ ಹೇಳುವುದಿಲ್ಲ, ಯಾಕೆಂದರೆ ನನಗೆ ಅದರ ಮೇಲೆ ಪ್ರೀತಿ. ನೂರಕ್ಕೆ 95 ಭಾಗ ನೀರು, ಸ್ವಲ್ಪ ಸಕ್ಕರೆ, ಒಳ್ಳೇ ಪ್ರಮಾಣದ ಪೊಟ್ಯಾಸಿಯಂ. ವಾಂತಿ ಆಗಿ ಸುಸ್ತಾದ ಬಸುರಿಗೆ ಬೆಳಗಿನ ಹೊತ್ತು ಒಂದು ಎಳನೀರು ಜೀವ ಬಂದ ಹಾಗೆ. ಬಸುರಿನಲ್ಲಿ ಶುಗರ್ ಬಂದವರು, ಕಿಡ್ನಿ ತೊಂದರೆ ಇರುವವರು ಮಾತ್ರ ಡಾಕ್ಟರನ್ನು ಕೇಳಿ ಕುಡಿಯಬೇಕು. ಮೆಲನಿನ್‌ಗೆ ಹೋಗಿ ಹೇಳುವಂಥ ಯಾವ ಸುದ್ದಿಯೂ ಅದರಲ್ಲಿ ಇಲ್ಲ.

ಹಾಗಾದರೆ ನಂಬಿಕೆ ಎಲ್ಲಿಂದ ಬಂತು? ನನ್ನ ಊಹೆ ಹೇಳುತ್ತೇನೆ. ಹುಟ್ಟಿದ ಕ್ಷಣದಲ್ಲಿ ಎಷ್ಟೋ ಮಕ್ಕಳ ಮೈಮೇಲೆ ಬೆಣ್ಣೆ ಬಳಿದ ಹಾಗೆ ಬಿಳಿ ಲೇಪ ಇರುತ್ತದೆ, ಎಳೇ ಕೊಬ್ಬರಿಯ ಗಂಜಿಯ ಥರವೇ. ಅದಕ್ಕೆ ವರ್ನಿಕ್ಸ್ ಅನ್ನುತ್ತಾರೆ. ಕೊನೆಯ ಮೂರು ತಿಂಗಳಲ್ಲಿ ಮಗುವಿನ ಚರ್ಮವೇ ತಯಾರಿಸುವ ಲೇಪ ಅದು: ನೀರು, ಜಿಡ್ಡು, ಉದುರಿದ ಚರ್ಮದ ಕಣ. ನೀರೊಳಗೇ ಇರುವ ಮಗುವಿನ ಚರ್ಮ ಕಾಯುವುದು ಅದರ ಕೆಲಸ. ದಿನ ತುಂಬುವ ಮೊದಲೇ ಹುಟ್ಟಿದ ಮಕ್ಕಳಿಗೆ ಜಾಸ್ತಿ, ದಿನ ಮೀರಿ ಹುಟ್ಟಿದವರಿಗೆ ಕಡಿಮೆ. ಎಳನೀರು ಎಷ್ಟು ಕುಡಿದಿರಿ ಅನ್ನುವುದಕ್ಕೂ ಅದಕ್ಕೂ ಲೆಕ್ಕವಿಲ್ಲ. "ಎಳನೀರು ಕುಡಿದಿದ್ಳು, ಮಗು ಶುಭ್ರವಾಗಿ ಹುಟ್ಟಿತು" ಅನ್ನುವವರೂ ಇದ್ದಾರೆ, "ಕೊಬ್ಬರಿ ತಿಂದಿದ್ದಕ್ಕೇ ಆ ಬಿಳಿ" ಅನ್ನುವವರೂ ಇದ್ದಾರೆ. ಯಾರೇ ಏನೇ ಅನ್ನಲಿ, ಅದನ್ನು ಉಜ್ಜಿ ತೆಗೆಯುವ ಆತುರ ಬೇಡ. ವಿಶ್ವ ಆರೋಗ್ಯ ಸಂಸ್ಥೆ ಮೊದಲ ಸ್ನಾನವನ್ನು 24 ಗಂಟೆ ಮುಂದಕ್ಕೆ ಹಾಕಿ ಅನ್ನುತ್ತದೆ.

ಹುಟ್ಟಿದ ದಿನದ ಬಣ್ಣ

ಈಗ ಅತ್ತೆಯ ಲೆಕ್ಕದ ಮೋಸಕ್ಕೆ ಬರೋಣ. ಹುಟ್ಟಿದ ಮಗುವಿನ ಚರ್ಮ ತೆಳು, ರಕ್ತದಲ್ಲಿ ಹಿಮೋಗ್ಲೋಬಿನ್ ದೊಡ್ಡವರಿಗಿಂತ ಜಾಸ್ತಿ, ಮೆಲನಿನ್ ಇನ್ನೂ ಕಡಿಮೆ. ಹಾಗಾಗಿ ಕಾಣುವುದು ಚರ್ಮದ ಬಣ್ಣಕ್ಕಿಂತ ಕೆಳಗೆ ಹರಿಯುವ ರಕ್ತದ ಬಣ್ಣ. ಅದಕ್ಕೇ ಎಲ್ಲ ಮಕ್ಕಳೂ ಮೊದಲ ದಿನ ಕೆಂಪು. ಆಮೇಲೆ ತಿಂಗಳುಗಟ್ಟಲೆ ನಿಧಾನಕ್ಕೆ ಕಾರ್ಖಾನೆ ಪೂರ್ತಿ ವೇಗಕ್ಕೆ ಬರುತ್ತದೆ, ಮಗು ತನ್ನ ಬಣ್ಣಕ್ಕೆ ಬರುತ್ತದೆ. ಕಿವಿಯ ಅಂಚು, ಉಗುರಿನ ಬುಡ, ಇಂಥ ಕಡೆ ಬಣ್ಣ ಮೊದಲೇ ಕಾಣಿಸುತ್ತದೆ. ಅಜ್ಜಿ ನೋಡಿದ್ದು ಅದನ್ನೇ. ಯಾವ ಪುಸ್ತಕ ಓದದ ಅಜ್ಜಿಗೆ ಎಪ್ಪತ್ತು ವರ್ಷ ಬಾಣಂತನ ನೋಡಿದ ಕಣ್ಣಿತ್ತು. ಅತ್ತೆ ಕುಡಿಸಿದ್ದು ಮನೆತುಂಬ ಎಲ್ಲರಿಗೂ ಗೊತ್ತಿತ್ತು. ಮಗು ಮೊದಲ ದಿನ ಕೆಂಪಗಿದ್ದದ್ದೂ ಎಲ್ಲರ ಕಣ್ಣಿಗೆ ಬಿತ್ತು. ಎರಡೂ ಕೂಡಿಕೊಂಡವು. ಮುಂದಿನ ಆರು ತಿಂಗಳ ಬದಲಾವಣೆಗೆ ಬಿಸಿಲು, ಸೋಪು, ಕಣ್ದೃಷ್ಟಿ ಸಿಕ್ಕವು. ಕೇಸರಿ ಹಾಲು ಯಾವತ್ತೂ ಫೇಲ್ ಆಗದ ಪರೀಕ್ಷೆ ಇದು.

ನಗುವ ವಿಷಯ ಇಲ್ಲಿಗೆ ಮುಗಿಯಿತು. ಕೇಸರಿಯಿಂದ ಮಗುವಿಗೆ "ಹೊಂಬಣ್ಣ" ಬರುತ್ತದೆ ಅನ್ನುವ ಮಾತೂ ಇದೆಯಲ್ಲ. ನಮ್ಮ ಬೀದಿಯ ಒಂದು ಮನೆಯಲ್ಲಿ ಮೂರು ದಿನದ ಮಗುವನ್ನು ನೋಡಲು ಹೋದಾಗ ಎಲ್ಲರೂ "ಬಂಗಾರದ ಬೊಂಬೆ" ಅಂತ ಹೊಗಳುತ್ತಿದ್ದರು. ಮನೆಗೆ ಬರುವ ಆಶಾ ಕಾರ್ಯಕರ್ತೆ ಮಾತ್ರ ಸುಮ್ನೆ ಬಗ್ಗಿ, ಮಗುವಿನ ಮೂಗಿನ ತುದಿಯನ್ನು ಬೆರಳಲ್ಲಿ ಒತ್ತಿ ಬಿಟ್ಟರು. ರಕ್ತ ಸರಿದ ಆ ಚುಕ್ಕೆ ಬೆಳ್ಳಗಾಗುವ ಬದಲು ಹಳದಿಯಾಗಿ ಕಂಡಿತು. ಎದೆಯ ಮೇಲೆ ಒತ್ತಿದರು, ಅಲ್ಲೂ ಹಳದಿ. ಕಣ್ಣಿನ ಬಿಳಿಯೂ ಹಳದಿ. ಅದು ಕಾಮಾಲೆ. ಅವತ್ತೇ ಆಸ್ಪತ್ರೆಗೆ ಕಳಿಸಿದರು, ಎರಡು ದಿನ ನೀಲಿ ದೀಪದ ಕೆಳಗೆ ಇಟ್ಟರು, ಮಗು ಚೆನ್ನಾಗಿದೆ. ಮೊದಲ ವಾರ ಅರ್ಧಕ್ಕಿಂತ ಹೆಚ್ಚು ಮಕ್ಕಳಿಗೆ ಸ್ವಲ್ಪ ಕಾಮಾಲೆ ಕಾಣಿಸಿಕೊಂಡು ತಾನಾಗೇ ಹೋಗುತ್ತದೆ. ಆದರೆ ಹುಟ್ಟಿದ ಮೊದಲ 24 ಗಂಟೆಯೊಳಗೆ ಹಳದಿ ಕಂಡರೆ, ಅಂಗೈ ಅಂಗಾಲಿಗೆ ಇಳಿದರೆ, ಮಗು ಹಾಲು ಕುಡಿಯದೆ ಮಂಕಾದರೆ ಕಾಯುವಂತಿಲ್ಲ. ಹೊಂಬಣ್ಣ ಅಂತ ಖುಷಿಪಡುವ ಮನೆಯಲ್ಲಿ ಇದು ತಪ್ಪಿಹೋಗುತ್ತದೆ.

ಕಪ್ಪು ಮಾಡುವ ಮಾತ್ರೆ

ಬಿಳಿ ಹಾಲು ಬೆಳ್ಳಗೆ ಮಾಡುತ್ತದೆ ಅನ್ನುವವರ ಲೆಕ್ಕದಲ್ಲಿ ಕಪ್ಪು ಪದಾರ್ಥ ಕಪ್ಪು ಮಾಡಬೇಕಲ್ಲ. ಕಾಫಿ ಬೇಡ, ನೇರಳೆ ಹಣ್ಣು ಬೇಡ, ಕಪ್ಪು ದ್ರಾಕ್ಷಿ ಬೇಡ. ಅಲ್ಲಿಗೆ ನಿಂತಿದ್ದರೆ ನಾನು ಈ ಬರಹ ಬರೆಯುತ್ತಿರಲಿಲ್ಲ. ಹೋದ ವರ್ಷ ನಮ್ಮ ಕೆಳಗಿನ ಮನೆಯ ಬಾಡಿಗೆಯವರ ಸೊಸೆ, ಏಳು ತಿಂಗಳ ಬಸುರಿ, ಮೆಟ್ಟಿಲು ಹತ್ತಿ ಬಂದು ಏದುಸಿರು ಬಿಡುತ್ತಾ ಕೂತಳು. ಕಣ್ಣಿನ ರೆಪ್ಪೆಯೊಳಗೆ ರಕ್ತವೇ ಇರಲಿಲ್ಲ. ರಿಪೋರ್ಟ್ ತೋರಿಸಿದಳು: ಹಿಮೋಗ್ಲೋಬಿನ್ 8.6. ಬಸುರಿನಲ್ಲಿ 11ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ. "ಕಬ್ಬಿಣದ ಮಾತ್ರೆ ತಗೋತಿದೀಯಾ?" ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಕ್ಕಾ, ಯಾರಿಗೂ ಹೇಳ್ಬೇಡಿ, ವಾರಕ್ಕೆ ಒಂದೆರಡು ತಗೋತೀನಿ ಅಷ್ಟೇ. ಮಗು ಕಪ್ಪಾಗತ್ತಂತೆ. ತಗೊಂಡ್ರೆ ಮೋಶನ್ನೂ ಕಪ್ಪಗೆ ಹೋಗತ್ತೆ ಅಕ್ಕಾ, ನಿಜ ಇರ್ಬೋದು ಅನ್ಸತ್ತೆ" ಅಂದಳು. ಉಳಿದ ಮಾತ್ರೆಗಳು ಅವಳ ಸೀರೆಯ ಮಡಿಕೆಯಲ್ಲಿ ಸಾಲಾಗಿ ಮಲಗಿದ್ದವು.

ಅವಳನ್ನು ನಾನು ಹೇಗೆ ದೂರಲಿ? ಕಣ್ಣಿಗೆ ಕಾಣುವ ಸಾಕ್ಷಿ ಅವಳ ಹತ್ತಿರ ಇತ್ತು. ಮಾತ್ರೆಯಲ್ಲಿರುವ ಕಬ್ಬಿಣವೆಲ್ಲ ಮೈಗೆ ಹತ್ತುವುದಿಲ್ಲ. ಹತ್ತದೆ ಉಳಿದದ್ದು ಕರುಳಲ್ಲಿ ಕಪ್ಪಾಗಿ ಹೊರಹೋಗುತ್ತದೆ, ಅಷ್ಟೇ. ಅದು ಮಗುವಿನ ಹತ್ತಿರವೂ ಹೋಗಿರುವುದಿಲ್ಲ. ಹೋಗುವ ಕಬ್ಬಿಣ ರಕ್ತವಾಗುತ್ತದೆ, ಮೆಲನಿನ್ ಆಗುವುದಿಲ್ಲ. ಸರ್ಕಾರ ಕೊಡುವ ಕೆಂಪು ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣ ಇರುತ್ತದೆ. ನಾಲ್ಕನೇ ತಿಂಗಳಿಂದ ದಿನಕ್ಕೊಂದರಂತೆ 180 ದಿನ ತೆಗೆದುಕೊಳ್ಳಬೇಕು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ನೂರು ಬಸುರಿಯರಲ್ಲಿ 52 ಮಂದಿಗೆ ರಕ್ತಹೀನತೆ. ಅವರಲ್ಲಿ ಎಷ್ಟು ಮಂದಿಯ ಮಾತ್ರೆ ಸೀರೆ ಮಡಿಕೆಯಲ್ಲಿ ಇದೆಯೋ ಅಂತ ನನಗೆ ಆಗಾಗ ಅನ್ನಿಸುತ್ತದೆ. ರಕ್ತ ಕಡಿಮೆ ಇರುವವಳಿಗೆ ಹೆರಿಗೆಯಲ್ಲಿ ರಕ್ತಸ್ರಾವ ಆದರೆ ತಡೆದುಕೊಳ್ಳುವ ಶಕ್ತಿ ಇರುವುದಿಲ್ಲ, ಮಗುವಿನ ತೂಕವೂ ಕಡಿಮೆ ಆಗಬಹುದು.

ಮಾತಾಡುತ್ತಾ ಇನ್ನೊಂದು ವಿಷಯ ಹೊರಬಿತ್ತು. ಆ ಒಂದೆರಡು ಮಾತ್ರೆಯನ್ನೂ ಅವಳು ನುಂಗುತ್ತಿದ್ದದ್ದು ರಾತ್ರಿ, ಅತ್ತೆ ಕೊಡುವ ಕೇಸರಿ ಹಾಲಿನ ಜೊತೆ! ಹಾಲಿನ ಕ್ಯಾಲ್ಸಿಯಂ ಕಬ್ಬಿಣವನ್ನು ಮೈಗೆ ಹತ್ತಲು ಬಿಡುವುದಿಲ್ಲ. ಕಾಫಿ ಟೀ ಕೂಡ ಹಾಗೇ. ಎರಡರ ನಡುವೆ ಕನಿಷ್ಠ ಎರಡು ಗಂಟೆ ಬಿಡಬೇಕು. ನಿಂಬೆಹಣ್ಣಿನ ಪಾನಕದ ಜೊತೆ ತೆಗೆದುಕೊಂಡರೆ ಚೆನ್ನಾಗಿ ಹತ್ತುತ್ತದೆ. ಕ್ಯಾಲ್ಸಿಯಂ ಮಾತ್ರೆಯನ್ನೂ ಇದರ ಜೊತೆ ನುಂಗಬಾರದು. ಬಣ್ಣ ಕೊಡಲಾರದ ಲೋಟ ರಕ್ತವನ್ನೂ ತಡೆಯುತ್ತಿತ್ತು.

ಅವಳ ಅತ್ತೆಯ ಹತ್ತಿರ ಜೀನು, ಮೀನು ಅಂತ ಶುರುಮಾಡಿದ್ದರೆ ನನ್ನನ್ನು ಮೆಟ್ಟಿಲು ಇಳಿಸುತ್ತಿದ್ದರು. ಕೇಸರಿ ಬಗ್ಗೆ ಒಂದು ಮಾತೂ ಆಡಲಿಲ್ಲ. "ಅಮ್ಮಾ, ಹಾಲು ಬೆಳಿಗ್ಗೆ ಕೊಡಿ, ಒಳ್ಳೇದು. ರಾತ್ರಿ ಊಟ ಆಗಿ ಎರಡು ಗಂಟೆ ಬಿಟ್ಟು ನಿಂಬೆ ಪಾನಕ ಮಾಡ್ಕೊಡಿ, ಅದರಲ್ಲಿ ಡಾಕ್ಟರ್ ಕೊಟ್ಟ ಮಾತ್ರೆ ನುಂಗಲಿ. ರಕ್ತ ಇಲ್ಲದಿದ್ರೆ ಮಗು ಬಿಳುಚಿಕೊಳ್ಳತ್ತೆ, ಅದು ಬಿಳುಪಲ್ಲ" ಅಂದೆ. ಅವರು ಸ್ವಲ್ಪ ಯೋಚಿಸಿ ತಲೆಯಾಡಿಸಿದರು. ಆಮೇಲಿಂದ ಅವರೇ ರಾತ್ರಿ ಕರೆದು ಮಾತ್ರೆ ಕೊಟ್ಟು, ನುಂಗಿದಳೋ ಇಲ್ಲವೋ ನೋಡಿ, ಲೋಟ ವಾಪಸ್ ತೆಗೆದುಕೊಂಡು ಹೋಗುತ್ತಿದ್ದರು.

ಆರು ವಾರದ ನಂತರ ರಿಪೋರ್ಟ್ ಬಂತು. 10.1. ಅವಳು ಖುಷಿಯಿಂದ ಮೇಲೆ ಬಂದಳು, ಈ ಸಲ ಏದುಸಿರು ಕಡಿಮೆ. ಹಿಂದೆಯೇ ಅವಳ ಅತ್ತೆಯೂ ಬಂದರು, ಕೈಯಲ್ಲಿ ಒಂದು ಸ್ಟೀಲ್ ಡಬ್ಬಿಯಲ್ಲಿ ಕೋಡುಬಳೆ.

"ನೋಡಿದ್ರಾ," ಅಂದರು ನನಗೆ. "ಬೆಳಿಗ್ಗೆ ಹೊತ್ತು ಕೇಸರಿ ಹಾಲು ಕುಡಿಸಿದ್ದಕ್ಕೆ ಎಷ್ಟು ರಕ್ತ ಆಗಿದೆ!"